12 ಸಾಲಿನಲ್ಲೇ ಇತ್ತು, ಪ್ರೋಗ್ರಾಂಗೆ ಕಾಣಲಿಲ್ಲ

ಪ್ರಶ್ನೆ: ನಾನು ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಅಂತಿಮ ವರ್ಷದಲ್ಲಿದ್ದೇನೆ. ಮೊದಲ ವರ್ಷದವರ ಸ್ವಾಗತ ಸಮಾರಂಭದಲ್ಲಿ ಪ್ರೋಗ್ರಾಮಿಂಗ್ ಕಲಿಕೆಯ ಬಗ್ಗೆ ಹದಿನೈದು ನಿಮಿಷ ಮಾತನಾಡಲು ಹೇಳಿದ್ದಾರೆ. ಅವರೆಲ್ಲ ಹಳೆಯ ರೆಕಾರ್ಡ್ ನೋಡಿ ಬರೆಯುತ್ತಾರೆ, ಲ್ಯಾಬ್ ಪರೀಕ್ಷೆಗೆ ಪ್ರೋಗ್ರಾಂ ಬಾಯಿಪಾಠ ಮಾಡುತ್ತಾರೆ. ನಿಜ ಹೇಳಬೇಕೆಂದರೆ ನಾನೂ ಮೊದಲ ವರ್ಷ ಹಾಗೆಯೇ ಮಾಡಿದವನು. ಉಪದೇಶ ಮಾಡಿದರೆ ಯಾರೂ ಕೇಳುವುದಿಲ್ಲ. ಏನು ಹೇಳಲಿ ಸರ್, ಏನು ತೋರಿಸಲಿ?

ಉತ್ತರ: ವೇದಿಕೆಗೆ ಹೋಗುವಾಗ ಒಂಬತ್ತು ಬಿಳಿ ಹಾಳೆ ಮತ್ತು ಒಂದು ದಪ್ಪ ಮಾರ್ಕರ್ ತೆಗೆದುಕೊಂಡು ಹೋಗಿ. ಪ್ರೊಜೆಕ್ಟರ್ ಬೇಡ. ಏಳು ಹಾಳೆಗಳ ಮೇಲೆ 12, 19, 27, 35, 41, 58, 66 ಎಂದು ದೊಡ್ಡದಾಗಿ ಬರೆಯಿರಿ. ಉಳಿದ ಎರಡರ ಮೇಲೆ low ಮತ್ತು high ಎಂದು ಬರೆಯಿರಿ.

ಮೊದಲ ವರ್ಷದ ಏಳು ಮಂದಿಯನ್ನು ವೇದಿಕೆಗೆ ಕರೆದು, ಸಂಖ್ಯೆಗಳ ಏರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ. ಸಂಖ್ಯೆ ಸಭೆಗೆ ಕಾಣದಂತೆ ಹಾಳೆಯನ್ನು ಎದೆಗೆ ಒತ್ತಿ ಹಿಡಿಯಲು ಹೇಳಿ. ಇವು ತೊಗರಿ ಖರೀದಿ ಕೇಂದ್ರದ ಟೋಕನ್ ಸಂಖ್ಯೆಗಳು ಎನ್ನಿ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಾಗುವುದಿಲ್ಲ. ಅಪ್ಪನೊಡನೆ ಟ್ರ್ಯಾಕ್ಟರಿನಲ್ಲಿ ಕುಳಿತು ಸರದಿ ಕಾದವರು ಆ ಸಭೆಯಲ್ಲಿ ಖಂಡಿತ ಇರುತ್ತಾರೆ. ಇನ್ನಿಬ್ಬರ ಕೈಗೆ low, high ಹಾಳೆಗಳನ್ನು ಕೊಟ್ಟು ಸಾಲಿನ ಎರಡು ತುದಿಗಳಲ್ಲಿ, ಆ ತುದಿಯವರ ಎದುರಿಗೆ ನಿಲ್ಲಿಸಿ.

ನೀವು ತೋರಿಸಲಿರುವುದು ಬೈನರಿ ಸರ್ಚ್. ವಿಟಿಯು ಮೊದಲ ವರ್ಷದ ಸಿ ಲ್ಯಾಬ್ ಪಟ್ಟಿಗಳಲ್ಲಿ ಬಬಲ್ ಸಾರ್ಟ್, ಮ್ಯಾಟ್ರಿಕ್ಸ್ ಗುಣಾಕಾರಗಳ ಜೊತೆಗೆ ಬಂದಿರುವ ಪ್ರೋಗ್ರಾಂ ಇದು. ಅತಿ ಹೆಚ್ಚು ಉರು ಹೊಡೆಯುವ ಪ್ರೋಗ್ರಾಂ ಇದೇ ಎಂಬುದು ಇಪ್ಪತ್ತು ವರ್ಷ ಲ್ಯಾಬಿನಲ್ಲಿ ನಿಂತು ನಾನು ಕಂಡ ಸಂಗತಿ. ಅದಕ್ಕೇ ಇದನ್ನು ಆರಿಸಿದ್ದೇನೆ. ಬೋರ್ಡಿನ ಮೇಲೆ ಇಷ್ಟು ಮಾತ್ರ ಬರೆಯಿರಿ:

```c
int search(int a[], int n, int key)
{
    int low = 0, high = n - 1, mid;
    while (low <= high) {
        mid = (low + high) / 2;
        if (a[mid] == key)
            return mid;
        if (a[mid] < key)
            low = mid + 1;
        else
            high = mid - 1;
    }
    return -1;
}
```

ಆಮೇಲೆ ಸಭೆಯಿಂದ ಒಬ್ಬರನ್ನು ಕರೆದು 58ನೇ ಟೋಕನ್ ಹುಡುಕಲು ಹೇಳಿ. ನಿಯಮ ಒಂದೇ: low ಮತ್ತು high ನಿಂತಿರುವ ಜಾಗಗಳ ನಟ್ಟನಡುವಿನವರನ್ನು ಮಾತ್ರ ಹಾಳೆ ತಿರುಗಿಸಲು ಕೇಳಬೇಕು. ನಡುವೆ ನಿಂತವರು 35 ತೋರಿಸುತ್ತಾರೆ. 58 ಅದಕ್ಕಿಂತ ದೊಡ್ಡದು, ಹಾಗಾಗಿ low ಹಿಡಿದವರು 35 ಅನ್ನು ದಾಟಿ 41ರ ಮುಂದೆ ಬಂದು ನಿಲ್ಲುತ್ತಾರೆ. ಈಗ 41, 58, 66 ಈ ಮೂವರಲ್ಲಿ ನಡುವಿನವರು ಹಾಳೆ ತಿರುಗಿಸಿದರೆ 58. ಎರಡೇ ಪ್ರಶ್ನೆಗೆ ಉತ್ತರ ಸಿಕ್ಕಿತು. ಸಭೆ ಚಪ್ಪಾಳೆ ತಟ್ಟಲಿ.

ಚಪ್ಪಾಳೆ ನಿಂತ ಮೇಲೆ ಬೋರ್ಡಿನ ಬಳಿಗೆ ಹೋಗಿ ಒಂದೇ ಒಂದು ಚಿಹ್ನೆಯನ್ನು ಅಳಿಸಿ. `low <= high` ಎಂಬಲ್ಲಿನ ಸಮಚಿಹ್ನೆ ಹೋಗಿ `low < high` ಆಗಲಿ. ಈ ಸಲ 12 ಅನ್ನು ಹುಡುಕಲು ಹೇಳಿ.

ನಡುವಿನವರು 35 ತೋರಿಸುತ್ತಾರೆ, 12 ಚಿಕ್ಕದು, high ಹಿಡಿದವರು 27ರ ಮುಂದೆ ಬರುತ್ತಾರೆ. 12, 19, 27 ಈ ಮೂವರ ನಡುವೆ 19 ಇದೆ. 12 ಇನ್ನೂ ಚಿಕ್ಕದು. high ಮತ್ತೆ ಸರಿದು 12ರ ಮುಂದೆ ಬಂದು ನಿಲ್ಲುತ್ತಾರೆ. low ಮೊದಲಿನಿಂದಲೂ ಅಲ್ಲೇ ನಿಂತಿದ್ದಾರೆ. ಈಗ low, high ಇಬ್ಬರೂ ಒಬ್ಬನೇ ಹುಡುಗನ ಎದುರು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಅವನ ಹಾಳೆಯಲ್ಲಿ 12 ಇದೆ. ಕೇಳುವುದೊಂದೇ ಬಾಕಿ. ಆದರೆ ಬೋರ್ಡಿನ ಮೇಲಿನ ಪ್ರೋಗ್ರಾಂ, low ಎನ್ನುವುದು high ಗಿಂತ ಚಿಕ್ಕದಾಗಿದ್ದರೆ ಮಾತ್ರ ಮುಂದುವರಿಯುತ್ತದೆ. ಸ್ಥಾನಗಳನ್ನು ಸೊನ್ನೆಯಿಂದ ಎಣಿಸುವುದರಿಂದ ಎರಡೂ 0. ಸೊನ್ನೆ ಸೊನ್ನೆಗಿಂತ ಚಿಕ್ಕದಲ್ಲ. ಆದ್ದರಿಂದ ಪ್ರೋಗ್ರಾಂ ಅವನನ್ನು ಕೇಳದೆಯೇ -1 ಎಂದು ಹೇಳಿ ಹೊರಟುಹೋಗುತ್ತದೆ: ಆ ಟೋಕನ್ ಇಲ್ಲ.

ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಿರಿ. ಆಮೇಲೆ ಆ ಹುಡುಗನಿಗೆ ಹಾಳೆ ತಿರುಗಿಸಲು ಹೇಳಿ. ನಿಮ್ಮ ಭಾಷಣದ ತಿರುಳು ಆ ಕ್ಷಣದಲ್ಲಿದೆ. ಸರದಿಯಲ್ಲಿ ಬೆಳಗಿನಿಂದ ನಿಂತ ರೈತನನ್ನು "ನಿನ್ನ ಹೆಸರಿಲ್ಲ" ಎಂದು ಕಳಿಸಿದಂತಾಯಿತು.

ಮುಂದಿನದನ್ನು ನೀವು ಮೊದಲೇ ಮನೆಯಲ್ಲಿ ಪೆನ್ಸಿಲ್ ಹಿಡಿದು ಮಾಡಿ ನೋಡಿಕೊಂಡು ಹೋಗಬೇಕು. ಆ ಒಂದು ಸಮಚಿಹ್ನೆ ಬಿಟ್ಟರೆ ಏಳರಲ್ಲಿ ಯಾವ ಯಾವ ಸಂಖ್ಯೆ ಸಿಗುತ್ತದೆ, ಯಾವುದು ಸಿಗುವುದಿಲ್ಲ? 35 ಮೊದಲ ಪ್ರಶ್ನೆಗೇ ಸಿಗುತ್ತದೆ. 19 ಮತ್ತು 58 ಎರಡನೆಯ ಪ್ರಶ್ನೆಗೆ ಸಿಗುತ್ತವೆ. ಉಳಿದ 12, 27, 41, 66 ಈ ನಾಲ್ಕೂ ಸಿಗುವುದಿಲ್ಲ, ಏಕೆಂದರೆ ಅವುಗಳ ಬಳಿ ತಲುಪುವ ಹೊತ್ತಿಗೆ ಹುಡುಕುವ ವ್ಯಾಪ್ತಿಯಲ್ಲಿ ಒಬ್ಬರೇ ಉಳಿದಿರುತ್ತಾರೆ. ಒಬ್ಬರು ಉಳಿದಿದ್ದಾರೆ ಎಂದರೆ ಯಾರೂ ಇಲ್ಲ ಎಂದಲ್ಲ. `<=` ಹೇಳುವುದು ಇದನ್ನೇ. ಅದರ ಅರ್ಥ ಇಷ್ಟೇ, ಆದರೆ ಉರು ಹೊಡೆದವನಿಗೆ ಅದೊಂದು ಚಿತ್ರ ಮಾತ್ರ. ಎರಡು ಗೆರೆ ಇತ್ತೋ ಒಂದೇ ಇತ್ತೋ ಎಂಬುದನ್ನು ಪರೀಕ್ಷೆಯ ಭಯದಲ್ಲಿ ಅವನ ನೆನಪು ಮರೆತರೆ, ಅರ್ಥವೆಂಬ ಆಸರೆ ಅವನಿಗಿಲ್ಲ.

ನಿಮ್ಮ ಕಿರಿಯರು ಕೇಳಬಹುದಾದ ಪ್ರಶ್ನೆ: "ತಪ್ಪಾಗಿದ್ದರೆ ಓಡಿಸಿದಾಗ ಗೊತ್ತಾಗುವುದಿಲ್ಲವೇ ಅಣ್ಣಾ?" ಗೊತ್ತಾಗುವುದಿಲ್ಲ. ಇದನ್ನು ಒತ್ತಿ ಹೇಳಿ. ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ, ವ್ಯಾಕರಣದ ಪ್ರಕಾರ ಪ್ರೋಗ್ರಾಂ ಸರಿಯಾಗಿಯೇ ಇದೆ. ನಕಲು ಮಾಡಿದ ವಿದ್ಯಾರ್ಥಿ ಒಂದೇ ಒಂದು ಸಲ, ಕಣ್ಣಿಗೆ ಬಿದ್ದ ನಡುವಿನ ಒಂದು ಸಂಖ್ಯೆ ಕೊಟ್ಟು ಓಡಿಸುತ್ತಾನೆ. 35 ಸಿಕ್ಕಿತು ಎಂದು ತೆರೆಯ ಮೇಲೆ ಬರುತ್ತದೆ. ಆಮೇಲೆ ಇಲ್ಲದ ಸಂಖ್ಯೆಯೊಂದನ್ನು, 100 ಎಂದು, ಕೊಡುತ್ತಾನೆ. ಇಲ್ಲ ಎಂದು ಬರುತ್ತದೆ. ಎರಡೂ ಉತ್ತರ ಸರಿ. ರೆಕಾರ್ಡಿಗೆ ಸಹಿ ಬೀಳುತ್ತದೆ. ಏಳರಲ್ಲಿ ನಾಲ್ಕು ಸಂಖ್ಯೆ ಕಾಣದ ಪ್ರೋಗ್ರಾಂ ಹೀಗೆ ಪೂರ್ಣ ಅಂಕ ಪಡೆಯುತ್ತದೆ.

ಕೆಲಸಕ್ಕೆ ಆಯ್ಕೆ ಮಾಡುವ ಆನ್‌ಲೈನ್ ಪರೀಕ್ಷೆಗಳಲ್ಲಿ ಹೀಗೆ ಆಗುವುದಿಲ್ಲ. ನೀವು ಅಂತಿಮ ವರ್ಷದವರು, ಇದನ್ನು ನೀವೇ ಕಂಡಿರುತ್ತೀರಿ. ಅಲ್ಲಿ ಒಂದೆರಡು ಮಾದರಿ ಪರೀಕ್ಷೆಗಳು ಕಣ್ಣಿಗೆ ಕಾಣುತ್ತವೆ, ಉಳಿದವು ಅಡಗಿರುತ್ತವೆ. ಅಡಗಿದವುಗಳಲ್ಲಿ ಹುಡುಕುವುದು ಏನೆಂದರೆ ಸಾಲಿನ ಮೊದಲನೆಯದು, ಕೊನೆಯದು, ಒಂದೇ ಸಂಖ್ಯೆ ಇರುವ ಸಾಲು, ಸಾಲಿನಲ್ಲೇ ಇಲ್ಲದ್ದು. ಒಂದೇ ಸಂಖ್ಯೆ ಇರುವ ಸಾಲನ್ನು ಯೋಚಿಸಿ ನೋಡಿ. low 0, high 0. ಸಮಚಿಹ್ನೆ ಬಿಟ್ಟ ಪ್ರೋಗ್ರಾಂ ಅಲ್ಲಿ ಒಳಗೇ ಹೋಗುವುದಿಲ್ಲ. "ಮಾದರಿ ಪಾಸಾಯಿತು ಸರ್, ಆದರೂ ಆಯ್ಕೆಯಾಗಲಿಲ್ಲ" ಎಂದು ನನ್ನ ಬಳಿ ಬಂದು ಕಣ್ಣೀರು ಹಾಕಿದವರ ಉತ್ತರಗಳನ್ನು ಕೂತು ನೋಡಿದಾಗ, ಬಹುಮಟ್ಟಿಗೆ ತುದಿಯವರನ್ನು ಕೇಳದೆ ಬಿಟ್ಟ ತಪ್ಪೇ ಕಂಡಿದೆ.

ಸಮಯ ಉಳಿದರೆ ಇನ್ನೊಂದು ತಪ್ಪನ್ನೂ ತೋರಿಸಬಹುದು. `<=` ಅನ್ನು ಮತ್ತೆ ಸರಿಪಡಿಸಿ, `low = mid + 1` ಎಂಬಲ್ಲಿನ `+ 1` ಅಳಿಸಿ. ಈಗ 66 ಅನ್ನು ಹುಡುಕಿಸಿ. low ಹಿಡಿದವರು 35ರ ಮುಂದೆ ಬರುತ್ತಾರೆ, ಆಮೇಲೆ 41ರ ಮುಂದೆ, ಆಮೇಲೆ 58ರ ಮುಂದೆ. ಅವರ ಸ್ಥಾನ 5, high ಸ್ಥಾನ 6. ಕೂಡಿದರೆ 11, ಎರಡರಿಂದ ಭಾಗಿಸಿದರೆ ಪೂರ್ಣಾಂಕದಲ್ಲಿ 5. ಮತ್ತೆ 58. ಮತ್ತೆ low ಅಲ್ಲೇ. ಮತ್ತೆ 58. ಹುಡುಕುವವರು ಅದೇ ಹುಡುಗಿಯನ್ನು ಐದಾರು ಸಲ ಕೇಳುವಷ್ಟರಲ್ಲಿ ಸಭೆಗೆ ಅರ್ಥವಾಗಿರುತ್ತದೆ. ಲ್ಯಾಬಿನಲ್ಲಿ ಇದು ಕಾಣಿಸುವುದು ಹೇಗೆಂದರೆ ಕರ್ಸರ್ ಮಿನುಗುತ್ತ ನಿಲ್ಲುತ್ತದೆ, ಏನೂ ಬರುವುದಿಲ್ಲ, `Ctrl+C` ಒತ್ತಿದರೇ ಬಿಡುಗಡೆ. "ಸಿಸ್ಟಂ ಹ್ಯಾಂಗ್ ಆಯಿತು" ಎಂದು ಹೇಳಿ ಪಕ್ಕದ ಕಂಪ್ಯೂಟರಿಗೆ ಹೋಗಿ ಅದೇ ಪ್ರೋಗ್ರಾಂ ಮತ್ತೆ ಟೈಪ್ ಮಾಡಿದ ವಿದ್ಯಾರ್ಥಿಗಳನ್ನು ನೋಡಿದ್ದೇನೆ. ಈ ತಪ್ಪಿನಲ್ಲಿ ಏಳರಲ್ಲಿ ಸಿಲುಕುವುದು 27 ಮತ್ತು 66 ಎರಡು ಮಾತ್ರ. ಉಳಿದ ಐದೂ ಸರಿಯಾಗಿ ಸಿಗುತ್ತವೆ. ಆ ಐದನ್ನಷ್ಟೇ ಕೊಟ್ಟು ನೋಡಿದರೆ ಈ ತಪ್ಪೂ ಅಡಗಿರುತ್ತದೆ.

ಈಗ ನನ್ನದೊಂದು ಅನುಭವ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿಗೆ ಲ್ಯಾಬ್ ಪರೀಕ್ಷೆಯ ಬಾಹ್ಯ ಪರೀಕ್ಷಕನಾಗಿ ಹೋಗಿದ್ದೆ. ಒಬ್ಬ ವಿದ್ಯಾರ್ಥಿ ಇದೇ ಪ್ರೋಗ್ರಾಂ ಅನ್ನು ಒಂದು ಅಕ್ಷರವೂ ತಪ್ಪದಂತೆ ಬರೆದಿದ್ದ. ಬರವಣಿಗೆ ಅಚ್ಚಿನಂತಿತ್ತು. ಸಂತೋಷವಾಗಿ ಒಂದು ಸಣ್ಣ ಬದಲಾವಣೆ ಕೇಳಿದೆ: ಸಂಖ್ಯೆಗಳು ಇಳಿಕೆಯ ಕ್ರಮದಲ್ಲಿದ್ದರೆ ಏನು ಮಾಡುತ್ತೀಯ? ಅವನು ತುಸು ಯೋಚಿಸಿ `a[mid] < key` ಎಂಬಲ್ಲಿ ಚಿಹ್ನೆಯನ್ನು `>` ಮಾಡಿದ. ಅಷ್ಟೇ ಸಾಕಿತ್ತು. ಆದರೆ ಎಲ್ಲವೂ ಉಲ್ಟಾ ಆಗಬೇಕಲ್ಲವೇ ಎಂದುಕೊಂಡು ಕೆಳಗಿನ ಎರಡು ಸಾಲುಗಳನ್ನೂ ಅದಲು ಬದಲು ಮಾಡಿಬಿಟ್ಟ. `high = mid - 1` ಮೇಲೆ ಬಂತು, `low = mid + 1` ಕೆಳಗೆ ಹೋಯಿತು. ಎರಡು ಸಲ ತಿರುಗಿಸಿದ್ದರಿಂದ ಪ್ರೋಗ್ರಾಂ ಮೊದಲು ಇದ್ದಲ್ಲಿಗೇ ಬಂದು ನಿಂತಿತು, ಏರಿಕೆಯ ಕ್ರಮಕ್ಕೆ ಮಾತ್ರ ಕೆಲಸ ಮಾಡುವಂತೆ. ಓಡಿಸಿದ, ಇಲ್ಲ ಎಂದು ಬಂತು. ಮತ್ತೆ ಓಡಿಸಿದ. ಬೆವರು ಒರೆಸಿಕೊಂಡು ನನ್ನ ಮುಖ ನೋಡಿದ. ಅವನು ದಡ್ಡನಲ್ಲ. ಅಷ್ಟು ಸಾಲುಗಳನ್ನು ತಪ್ಪಿಲ್ಲದೆ ನೆನಪಿಟ್ಟುಕೊಳ್ಳುವ ಬುದ್ಧಿ ಸಣ್ಣದಲ್ಲ. ಅದರ ಅರ್ಧ ಶ್ರಮದಲ್ಲಿ ಅವನಿಗೆ ವಿಷಯವೇ ಅರ್ಥವಾಗುತ್ತಿತ್ತಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ಅದೇ ದಿನ ಮಧ್ಯಾಹ್ನದ ತಂಡದಲ್ಲಿ ಆಳಂದ ಕಡೆಯ ಒಬ್ಬ ಹುಡುಗಿ ಇದ್ದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಅವಳ ಪ್ರೋಗ್ರಾಂನಲ್ಲಿ ಎರಡು ಸೆಮಿಕೋಲನ್ ಬಿಟ್ಟುಹೋಗಿದ್ದವು. ಅದೇ ಪ್ರಶ್ನೆ ಕೇಳಿದಾಗ ಅವಳು ಕೀಲಿಮಣೆ ಮುಟ್ಟಲಿಲ್ಲ. ಉತ್ತರ ಪತ್ರಿಕೆಯ ಹಿಂಬದಿಯಲ್ಲಿ ನಾಲ್ಕು ಕಂಬಸಾಲು ಎಳೆದು ಐದು ಸಂಖ್ಯೆಗಳನ್ನು ಇಳಿಕೆಯ ಕ್ರಮದಲ್ಲಿ ಬರೆದುಕೊಂಡಳು. "ನಡುವಿನದು ದೊಡ್ಡದಿದ್ದರೆ ಬೇಕಾದದ್ದು ಬಲಕ್ಕೆ ಇರುತ್ತದೆ ಸರ್, ಹಾಗಾಗಿ ಈ ಒಂದು ಚಿಹ್ನೆ ಬದಲಾದರೆ ಸಾಕು" ಎಂದಳು. ಇಂಗ್ಲಿಷಿನಲ್ಲಿ ಹೇಳಲು ತಡವರಿಸಿದಳು, ಕನ್ನಡದಲ್ಲೇ ಹೇಳು ಎಂದೆ. ಈ ಎರಡು ಘಟನೆಗಳನ್ನು ನೀವು ನಿಮ್ಮ ಭಾಷಣದಲ್ಲಿ ಬಳಸಬಹುದು. ಕನ್ನಡ ಮಾಧ್ಯಮದಿಂದ ಬಂದು ಮುದುಡಿ ಕುಳಿತವರಿಗೆ ಎರಡನೆಯದು ಮುಟ್ಟುತ್ತದೆ.

ಅವಳು ಎಳೆದ ಆ ಕಂಬಸಾಲುಗಳೇ ನೀವು ಕಿರಿಯರ ಕೈಗೆ ಕೊಡಬೇಕಾದ ಉಪಕರಣ. ಬೋರ್ಡಿನ ಮೂಲೆಯಲ್ಲಿ, ಸರಿಯಾದ ಪ್ರೋಗ್ರಾಂ 12 ಅನ್ನು ಹುಡುಕಿದ ಬಗೆಯನ್ನು ಹೀಗೆ ಬರೆದು ತೋರಿಸಿ:

```
low  high  mid  a[mid]
 0    6     3     35
 0    2     1     19
 0    0     0     12
```

ಮೂರು ಸಾಲು, ಅಷ್ಟೇ. ಇದನ್ನು ಬರೆಯಲು ಕಂಪ್ಯೂಟರ್ ಬೇಡ, ಲ್ಯಾಪ್‌ಟಾಪ್ ಇಲ್ಲದವರು ಹಾಸ್ಟೆಲ್ಲಿನ ಮಂಚದ ಮೇಲೆ, ಬಸ್ಸಿನಲ್ಲಿ ಕೂತು ಬರೆಯಬಹುದು. ಮೂರನೆಯ ಸಾಲು ಬರೆದವರಿಗೆ `<=` ಏಕೆ ಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಏಳು ಸಂಖ್ಯೆಗಳಿಗೆ ಹೆಚ್ಚೆಂದರೆ ಮೂರು ಸಾಲು ಬರುತ್ತದೆ ಎಂದು ಅವರೇ ಗಮನಿಸುತ್ತಾರೆ. ಸಾವಿರ ಸಂಖ್ಯೆಗಳಿದ್ದರೆ ಹತ್ತು ಸಾಲು, ಹತ್ತು ಲಕ್ಷವಿದ್ದರೆ ಇಪ್ಪತ್ತು ಸಾಲು. ಪ್ರತಿ ಪ್ರಶ್ನೆಗೂ ಉಳಿದವರಲ್ಲಿ ಅರ್ಧದಷ್ಟು ಜನ ಆಚೆ ಹೋಗುತ್ತಾರೆ, ಅದಕ್ಕೆ. ಈ ಮಾತನ್ನು ವೈವಾಕ್ಕೆ ಬಾಯಿಪಾಠ ಮಾಡುವವರು ಬಹಳ, ಕಾಗದದ ಮೇಲೆ ಕಂಡವರು ಕಡಿಮೆ.

ನೀವು ಮೊದಲ ವರ್ಷ ನಕಲು ಮಾಡಿದ್ದನ್ನು ಮುಚ್ಚಿಡಬೇಡಿ. ಆದರೆ ಅದನ್ನು ಕೆಚ್ಚಿನಂತೆಯೂ ಹೇಳಬೇಡಿ, ಗೋಳಿನಂತೆಯೂ ಹೇಳಬೇಡಿ. ಏನಾಯಿತೋ ಅದನ್ನು ಹೇಳಿ. ನಾನಾಗಿದ್ದರೆ ಹೀಗೆ ಮಾತನಾಡುತ್ತಿದ್ದೆ:

"ತಮ್ಮಂದಿರೇ, ತಂಗಿಯರೇ, ಮೊದಲ ವರ್ಷ ನಾನೂ ಹಿರಿಯರ ರೆಕಾರ್ಡ್ ತಂದು ರಾತ್ರಿ ಹನ್ನೊಂದರವರೆಗೆ ಬರೆದಿದ್ದೇನೆ. ಅಕ್ಷರ ಚೆನ್ನಾಗಿದೆ ಎಂದು ಅಂಕವೂ ಬಂತು. ಮೂರನೆಯ ಸೆಮಿಸ್ಟರಿನಲ್ಲಿ ಡೇಟಾ ಸ್ಟ್ರಕ್ಚರ್ಸ್ ಶುರುವಾದಾಗ, ಪಾಯಿಂಟರ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಕೇಳಲು ನಾಚಿಕೆ, ಏಕೆಂದರೆ ನನ್ನ ಅಂಕಪಟ್ಟಿಯ ಪ್ರಕಾರ ನನಗೆ ಅದು ಗೊತ್ತಿತ್ತು. ನೀವು ಇಂದು ಗೊತ್ತಿಲ್ಲ ಎಂದು ಹೇಳಬಹುದು. ಈ ವರ್ಷ ಯಾರೂ ತಪ್ಪು ತಿಳಿಯುವುದಿಲ್ಲ. ಆ ಅವಕಾಶ ಮುಂದಿನ ವರ್ಷ ಕಡಿಮೆಯಾಗುತ್ತದೆ."

ನಿಮ್ಮ ನಿಜವಾದ ಅನುಭವ ಬೇರೆ ಇದ್ದರೆ ಅದನ್ನೇ ಹೇಳಿ, ನನ್ನ ಮಾತುಗಳನ್ನು ಎರವಲು ಪಡೆಯಬೇಡಿ. ನಕಲು ಬೇಡ ಎಂದು ಹೇಳಲು ಹೋಗುವವರು ಭಾಷಣವನ್ನು ನಕಲು ಮಾಡುವಂತಾಗಬಾರದು.

ಅವರನ್ನು ಸೋಮಾರಿಗಳೆಂದು ಕರೆಯಬೇಡಿ ಎಂಬುದು ನನ್ನ ಖಚಿತವಾದ ಸಲಹೆ. ನಕಲಿನ ಹಿಂದೆ ನಾನು ಹೆಚ್ಚಾಗಿ ಕಂಡಿರುವುದು ಭಯ. ಕೌನ್ಸೆಲಿಂಗ್ ಮುಗಿದು ಕೊನೆಯ ಸುತ್ತಿನಲ್ಲಿ ಸೇರಿದವರು ಬರುವಷ್ಟರಲ್ಲಿ ಒಂದೆರಡು ಪ್ರೋಗ್ರಾಂ ಮುಗಿದಿರುತ್ತವೆ. ವಾರಕ್ಕೊಮ್ಮೆ ಲ್ಯಾಬ್, ಮುಂದಿನ ವಾರದೊಳಗೆ ರೆಕಾರ್ಡ್ ಕೊಡಬೇಕು, ಕೊಡದಿದ್ದರೆ ಇಂಟರ್ನಲ್ಸ್ ಅಂಕ ಹೋಗುತ್ತದೆ. ಮನೆಯಲ್ಲಿ ಕಂಪ್ಯೂಟರ್ ಮುಟ್ಟಿರದವನು ಆ ಒತ್ತಡದಲ್ಲಿ ಝೆರಾಕ್ಸ್ ಅಂಗಡಿಗೆ ಹೋಗಿ ಹಳೆಯ ಮ್ಯಾನ್ಯುಯಲ್ ತರುತ್ತಾನೆ. ಮೊದಲ ಸಲ ಹಾಗೆ ಬದುಕಿಕೊಂಡವನು ಎರಡನೆಯ ಸಲವೂ ಅದೇ ದಾರಿ ಹಿಡಿಯುತ್ತಾನೆ.

ಆ ಹಳೆಯ ಮ್ಯಾನ್ಯುಯಲ್ ಹೇಗೆ ಕೈಕೊಡುತ್ತದೆ ಎಂಬುದನ್ನೂ ಹೇಳಿ. ಎಷ್ಟೋ ರೆಕಾರ್ಡುಗಳಲ್ಲಿ ಇಂದಿಗೂ `#include <conio.h>` ಮತ್ತು `clrscr()` ಇರುತ್ತವೆ. ಅವು ಡಾಸ್ ಕಾಲದ ಟರ್ಬೊ ಸಿ ಕಂಪೈಲರಿನ ಸಾಮಗ್ರಿ. ಉಬುಂಟು ಇರುವ ಲ್ಯಾಬಿನಲ್ಲಿ ಅದೇ ಪ್ರೋಗ್ರಾಂ ಕೊಟ್ಟರೆ ಮೊದಲ ಸಾಲುಗಳಲ್ಲೇ ನಿಲ್ಲುತ್ತದೆ:

```
fatal error: conio.h: No such file or directory
```

ಇನ್ನೊಂದು ತೊಂದರೆ, ವಾಟ್ಸಾಪಿನಲ್ಲಿ ಬಂದ ಫೈಲಿನಿಂದ ಎತ್ತಿ ಅಂಟಿಸಿದವರಿಗೆ ಆಗುವಂಥದ್ದು. ವರ್ಡ್ ಫೈಲಿನಲ್ಲಿ ಉದ್ಧರಣ ಚಿಹ್ನೆಗಳು ಅಂದಕ್ಕಾಗಿ ಬಾಗಿಕೊಂಡಿರುತ್ತವೆ. ಸಿ ಭಾಷೆಗೆ ನೇರ ಚಿಹ್ನೆಯೇ ಬೇಕು. ಆಗ `stray '\342' in program` ಎಂಬ ದೂರು ಸಾಲುಸಾಲಾಗಿ ಬರುತ್ತದೆ. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ಅಂಟಿಸಿದವನು ಗಂಟೆಗಟ್ಟಲೆ ಒದ್ದಾಡುತ್ತಾನೆ. ಸ್ವತಃ ಟೈಪ್ ಮಾಡಿದವನಿಗೆ ಈ ದೂರು ಬರುವ ಸಂಭವವೇ ಕಡಿಮೆ.

ಹಾಗಾದರೆ ಇನ್ನೊಬ್ಬರ ಪ್ರೋಗ್ರಾಂ ನೋಡಲೇಬಾರದೇ? ನೋಡಬೇಕು. ಇದನ್ನು ಸ್ಪಷ್ಟವಾಗಿ ಹೇಳದಿದ್ದರೆ ನಿಮ್ಮ ಮಾತು ಮಡಿವಂತಿಕೆಯಾಗುತ್ತದೆ. ನಾನು ಲ್ಯಾಬಿನಲ್ಲಿ ಹೇಳಿಕೊಡುವ ಕ್ರಮ ಹೀಗಿದೆ. ಮ್ಯಾನ್ಯುಯಲ್ ತೆರೆದು ಓದು. ಐದು ಸಂಖ್ಯೆ ತೆಗೆದುಕೊಂಡು ಆ ಕಂಬಸಾಲು ಬರೆ. ಈಗ ಮ್ಯಾನ್ಯುಯಲ್ ಮುಚ್ಚಿ, ನಿನ್ನ ಕೋಷ್ಟಕವನ್ನು ಮಾತ್ರ ಎದುರಿಗಿಟ್ಟುಕೊಂಡು ಟೈಪ್ ಮಾಡು. ಎಲ್ಲಿ ನಿಂತುಹೋದೆಯೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಮತ್ತೆ ತೆರೆದು ನೋಡಿ, ಮತ್ತೆ ಮುಚ್ಚು. ಮೊದಲ ಪ್ರೋಗ್ರಾಂಗೆ ಎಂಟು ಹತ್ತು ಸಲ ತೆರೆಯಬೇಕಾಗುತ್ತದೆ, ಅದು ತಪ್ಪಲ್ಲ. ಗುರುತುಗಳು ಯಾವ ಸಾಲಿನ ಬಳಿ ಗುಂಪಾಗಿವೆಯೋ ಆ ಸಾಲು ನಿನಗೆ ಗೊತ್ತಿಲ್ಲ, ಮೇಷ್ಟ್ರನ್ನು ಕೇಳಬೇಕಾದದ್ದು ಅದೊಂದನ್ನೇ. "ಏನೂ ಅರ್ಥವಾಗಲಿಲ್ಲ ಸರ್" ಎಂದವನಿಗೆ ಮೂವತ್ತು ಜನರ ಲ್ಯಾಬಿನಲ್ಲಿ ನಾನು ಏನು ಹೇಳಲಿ? "ಹನ್ನೊಂದನೆಯ ಸಾಲಿನಲ್ಲಿ ಒಂದು ಕಳೆಯುವುದು ಏಕೆ?" ಎಂದು ಕೇಳಿದರೆ ಒಂದೇ ನಿಮಿಷದಲ್ಲಿ ಹೇಳಿಕೊಡುತ್ತೇನೆ.

ಬುದ್ಧಿವಂತ ಹುಡುಗನೊಬ್ಬ ಎದ್ದು ನಿಂತು, "ಸರಿಯಾಗಿರುವುದು ಖಚಿತವೆಂದ ಮೇಲೆ ನಕಲು ಮಾಡಿದರೇನು?" ಎಂದು ಕೇಳಿಯಾನು. ಅವನಿಗಾಗಿ ಒಂದು ನಿಜ ಸಂಗತಿ ಇಟ್ಟುಕೊಳ್ಳಿ. ಬೋರ್ಡಿನ ಮೇಲೆ ನೀವು ಬರೆದ `mid = (low + high) / 2` ಎಂಬ ಸಾಲು ಪಠ್ಯಪುಸ್ತಕಗಳಲ್ಲೆಲ್ಲ ಇದೆ. ಜಾವಾ ಭಾಷೆಯ ಗ್ರಂಥಾಲಯದಲ್ಲೂ ಇದೇ ಬಗೆಯ ಸಾಲು ಸುಮಾರು ಒಂಬತ್ತು ವರ್ಷ ಇತ್ತು. ಅದನ್ನು ಬರೆದವರು ಜೋಶುವಾ ಬ್ಲಾಕ್, ಆ ಭಾಷೆಯ ಗ್ರಂಥಾಲಯಗಳನ್ನು ಕಟ್ಟಿದ ಪ್ರಮುಖರಲ್ಲೊಬ್ಬರು. ಅದರಲ್ಲಿ ತಪ್ಪಿದೆ ಎಂದು 2006ರಲ್ಲಿ ಅವರೇ ಬಹಿರಂಗವಾಗಿ ಬರೆದರು. 32 ಬಿಟ್ ಪೂರ್ಣಾಂಕ ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆ 2,147,483,647. ಸಾಲಿನಲ್ಲಿ ನೂರು ಕೋಟಿಗೂ ಮೀರಿ ಅಂಶಗಳಿದ್ದರೆ low ಮತ್ತು high ಕೂಡಿದಾಗ ಮೊತ್ತ ಆ ಎಲ್ಲೆ ದಾಟಿ ಋಣ ಸಂಖ್ಯೆಯಾಗಬಹುದು. ಋಣ ಸ್ಥಾನದಲ್ಲಿ ಯಾರೂ ನಿಂತಿಲ್ಲ, ಪ್ರೋಗ್ರಾಂ ಅಲ್ಲೇ ಮುಗ್ಗರಿಸುತ್ತದೆ. ಪರಿಹಾರ ಇಷ್ಟೇ:

```c
mid = low + (high - low) / 2;
```

ಕಾಲೇಜಿನ ಲ್ಯಾಬಿನಲ್ಲಿ ಅಷ್ಟು ದೊಡ್ಡ ಸಾಲು ಬರುವುದಿಲ್ಲ, ಆದ್ದರಿಂದ ಇದರ ಭಯ ಹುಟ್ಟಿಸಬೇಡಿ. ನಂಬಿಕಸ್ತ ಕೈಯಿಂದ ಬಂದ ಸಾಲನ್ನೂ, ಇದು ಎಲ್ಲಿಯವರೆಗೆ ಸರಿ ಎಂದು ಕೇಳುವವರು ಬೇಕಾಗುತ್ತಾರೆ ಎಂಬುದಷ್ಟೇ ಆ ಹುಡುಗನಿಗೆ ತಲುಪಲಿ. ಹಾಗೆಂದು ಸಿದ್ಧ ಗ್ರಂಥಾಲಯ ಬಳಸುವುದೇ ಅಡ್ಡದಾರಿ ಎನ್ನಬೇಡಿ. ಕೆಲಸದಲ್ಲಿ ಯಾರೂ ಪ್ರತಿದಿನ ಬೈನರಿ ಸರ್ಚ್ ಬರೆಯುವುದಿಲ್ಲ. ಆದರೆ ಸಿದ್ಧವಾದದ್ದನ್ನು ಬಳಸುವವನಿಗೂ ಅದರ ಷರತ್ತು ಗೊತ್ತಿರಬೇಕು.

ಷರತ್ತು ಎಂದಾಗ ನೆನಪಾಯಿತು. ವೇದಿಕೆಯ ಮೇಲಿನ ಏಳು ಮಂದಿಯನ್ನು ಕಳಿಸುವ ಮೊದಲು ಅವರನ್ನು 35, 12, 66, 19, 58, 27, 41 ಎಂದು ಕಲಸಿ ನಿಲ್ಲಿಸಿ, ಸರಿಯಾದ ಪ್ರೋಗ್ರಾಂನಿಂದಲೇ 12 ಅನ್ನು ಹುಡುಕಿಸಿ. ನಡುವೆ 19 ಇದೆ, 12 ಚಿಕ್ಕದು, ಎಡಕ್ಕೆ ಹೋಗಿ ಆ ಮೂವರ ನಡುವಿನವರನ್ನು ಕೇಳಿದರೆ 12. ಸಿಕ್ಕೇಬಿಟ್ಟಿತು! ಸಭೆಗೆ ಆಶ್ಚರ್ಯವಾಗುತ್ತದೆ. ಈಗ 66 ಹುಡುಕಿಸಿ. 19ಕ್ಕಿಂತ ದೊಡ್ಡದು, ಬಲಕ್ಕೆ. 27ಕ್ಕಿಂತ ದೊಡ್ಡದು, ಬಲಕ್ಕೆ. 41ಕ್ಕಿಂತ ದೊಡ್ಡದು, ಸಾಲು ಮುಗಿಯಿತು. ಎಡಗಡೆ ನಿಂತ 66ರ ಹುಡುಗಿಯನ್ನು ಯಾರೂ ಕೇಳಲೇ ಇಲ್ಲ. ಕಲಸಿದ ಈ ಸಾಲಿನಲ್ಲಿ ನಾಲ್ಕು ಸಂಖ್ಯೆ ಸಿಗುತ್ತವೆ, 35, 66, 58 ಸಿಗುವುದಿಲ್ಲ. ಸಾಲು ಕ್ರಮದಲ್ಲಿರಬೇಕು ಎಂಬ ಷರತ್ತು ಪ್ರೋಗ್ರಾಂನ ಯಾವ ಸಾಲಿನಲ್ಲೂ ಬರೆದಿಲ್ಲ. ಬರೆದಿಲ್ಲದ್ದನ್ನು ನಕಲು ಮಾಡಲು ಬರುವುದಿಲ್ಲ.

ಇಷ್ಟಕ್ಕೆ ನಿಮ್ಮ ಹದಿನೈದು ನಿಮಿಷ ತುಂಬುತ್ತದೆ. ಸಮಯ ಕಡಿಮೆಯಾದರೆ ಜಾವಾ ಕಥೆಯನ್ನೂ `+ 1` ತಪ್ಪನ್ನೂ ಬಿಡಿ, 12ರ ಹುಡುಗನನ್ನು ಮಾತ್ರ ಬಿಡಬೇಡಿ.

ಇಳಿಯುವ ಮೊದಲು ಒಂದು ಲೆಕ್ಕ ಕೊಡಿ: 10, 20, 30, 40, 50 ಎಂಬ ಐದು ಸಂಖ್ಯೆಗಳು, ಸಮಚಿಹ್ನೆ ಬಿಟ್ಟ ಪ್ರೋಗ್ರಾಂ. ಯಾವುವು ಸಿಗುವುದಿಲ್ಲ? ಕಂಪ್ಯೂಟರಿನಲ್ಲಿ ಓಡಿಸದೆ ಕಾಗದದ ಮೇಲೆ ಮಾಡಿಕೊಂಡು ಬರಲಿ. ಉತ್ತರ 20 ಮತ್ತು 50. ತುದಿಯವೆರಡೂ ಸಿಗುವುದಿಲ್ಲ ಎಂದು ಊಹಿಸಿದವರು 10 ಮತ್ತು 50 ಎನ್ನುತ್ತಾರೆ, ಹಾಗೆ ಹೇಳಿದರೆ ಕೋಷ್ಟಕ ಬರೆದಿಲ್ಲ ಎಂದು ನಿಮಗೆ ತಿಳಿಯುತ್ತದೆ. ಎಡಭಾಗದಲ್ಲಿ ಎರಡೇ ಸಂಖ್ಯೆ ಉಳಿದಾಗ ಭಾಗಾಕಾರ ಕೆಳಗಿನ ಸ್ಥಾನಕ್ಕೆ ಇಳಿಯುವುದರಿಂದ 10 ಸಿಕ್ಕಿಬಿಡುತ್ತದೆ, 20 ಉಳಿದುಹೋಗುತ್ತದೆ. ಮರುದಿನ ಸಂಜೆ ನೀವು ಲ್ಯಾಬಿನಲ್ಲಿ ಒಂದು ಗಂಟೆ ಕುಳಿತಿರುತ್ತೇನೆಂದು ಹೇಳಿ. 20, 50 ಎಂದು ಬರೆದ ಹಾಳೆ ಹಿಡಿದು ನಾಲ್ಕೇ ಜನ ಬಂದರೂ ಬರಲಿ, ಅವರ ಪಕ್ಕದಲ್ಲಿ ಕುಳಿತು ಮುಂದಿನ ವಾರದ ಬಬಲ್ ಸಾರ್ಟಿಗೆ ಕಂಬಸಾಲು ಎಳೆಯಲು ಶುರುಮಾಡಿ.